ಬುದ್ಧಿಹಲ್ಲು: ಕೀಳಿಸಬೇಕೆ, ಬಿಡಬೇಕೆ?

ದೇವದುರ್ಗದಿಂದಲೋ ಮಾನ್ವಿಯಿಂದಲೋ ರಾಯಚೂರಿಗೆ ಬಂದು ಓದುವ 19ರ ಹುಡುಗನಿಗೆ ಪರೀಕ್ಷೆಯ ಹೊತ್ತಿನಲ್ಲೇ ಕೆಳದವಡೆಯ ಕೊನೆ ನೋಯತೊಡಗಿತೆನ್ನಿ. ವಸಡು ಊದಿದೆ, ಬಾಯಿ ಪೂರ್ತಿ ತೆರೆಯಲಾಗದು. ಜಾಗ ಸಾಲದೆ ಬುದ್ಧಿಹಲ್ಲು ಅರ್ಧಕ್ಕೇ ನಿಂತಿದೆ. ಅದರ ಮೇಲೆ ಹೊದ್ದ ವಸಡಿನಡಿ ಅನ್ನದ ಕಣಗಳು ಸಿಕ್ಕಿ ಸೋಂಕಾಗಿದೆ.

ಮೊದಲ ಸಲವಾದರೆ ವೈದ್ಯರು ಆ ಸಂದನ್ನು ತೊಳೆದು, ಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಲು ಹೇಳುತ್ತಾರೆ. ಜ್ವರವಿದ್ದರೆ, ಊತ ಹರಡಿದರೆ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಆದರೆ ಮಾತ್ರೆಯಿಂದ ವಸಡಿನ ಸಂದು ಮುಚ್ಚುವುದಿಲ್ಲ, ಸೋಂಕು ಮರುಕಳಿಸಬಹುದು.

ತೊಂದರೆ ಕೊಡದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ಕೀಳಬಾರದು. ಸೋಂಕು ಬಹಳ ತೀವ್ರವಾಗಿದ್ದರೆ ಅಥವಾ ಎರಡನೆಯ ಬಾರಿ ಬಂದರೆ ಕೀಳುವುದು ಸೂಕ್ತ ಎಂದು ಬ್ರಿಟನ್ನಿನ 'ನೈಸ್' ಸಂಸ್ಥೆ 2000ದಲ್ಲಿ ಸಲಹೆ ನೀಡಿತು. ನಮ್ಮ ಹುಡುಗನಿಗೆ ನಾಲ್ಕು ತಿಂಗಳಲ್ಲಿ ಮತ್ತೆ ಊದಿದರೆ ತಕ್ಕಡಿ ಕೀಳುವ ಕಡೆಗೆ ವಾಲುತ್ತದೆ.

ಇನ್ನೊಂದು ತಟ್ಟೆಯಲ್ಲಿರುವುದು ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರ. ಅದು ಹಲ್ಲಿನ ಬೇರಿನ ಬಳಿಯೇ ಹಾದುಹೋಗುತ್ತದೆ. ಎಕ್ಸ್‌ರೇಯಲ್ಲಿ ಬೇರು ದೂರವಿದ್ದರೆ ಸೋಂಕು ತಗ್ಗಿದ ಮೇಲೆ ಕೀಳುತ್ತಾರೆ. ತಾಗಿದಂತಿದ್ದರೆ ತುಟಿ ಮರಗಟ್ಟುವ ಭಯ, ಆಗ ಸಿ.ಟಿ. ತೆಗೆಸಿ, ಕೆಲವೊಮ್ಮೆ ಬೇರನ್ನು ಬಿಟ್ಟು ಹಲ್ಲಿನ ಮೇಲ್ಭಾಗವನ್ನಷ್ಟೇ ತೆಗೆಯುತ್ತಾರೆ.

ಆದರೆ ನುಂಗಲು ಕಷ್ಟವಾದರೆ, ಗದ್ದದಡಿ ಊತ ಇಳಿದರೆ ಪರೀಕ್ಷೆ ಮುಗಿಯಲೆಂದು ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.