ದಪ್ಪ ಕಾಗದದಲ್ಲಿ ಸೋಸಿದ ಕಾಫಿ

ನಮ್ಮ ಮನೆಯ ಹಿತ್ತಾಳೆಯ ಫಿಲ್ಟರಿನಿಂದ ಇಳಿದ ಡಿಕಾಕ್ಷನ್ನನ್ನು ಒಂದು ಗಾಜಿನ ಲೋಟಕ್ಕೆ ಬಗ್ಗಿಸಿ, ಬಿಸಿನೀರು ಬೆರೆಸಿ ತೆಳುವಾಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಷ್ಟು ತೆಳುವಾದರೂ ಅದು ಮಬ್ಬಾಗಿಯೇ ಇರುತ್ತದೆ. ಬೆಳಕು ಅದರೊಳಗೆ ಹೊಕ್ಕು ಅಲ್ಲಿಯೇ ಕದಡಿಹೋಗುತ್ತದೆ. ಎರಡು ವರ್ಷದ ಹಿಂದೆ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆಕೆ ಕೊಟ್ಟ ಕಾಫಿ ಹಾಗಿರಲಿಲ್ಲ. ಅದು ಕೆಂಪು ಛಾಯೆಯ ಚಹಾದಂತೆ ತಿಳಿಯಾಗಿತ್ತು. ಲೋಟದ ಆಚೆ ಬದಿಯಲ್ಲಿ ಹಿಡಿದ ನನ್ನ ಬೆರಳು ಕಾಣುತ್ತಿತ್ತು. ನೀರು ಹೆಚ್ಚಾಯಿತೆಂದು ಮೊದಲು ಭಾವಿಸಿದೆ. ಕುಡಿದಾಗ ಹಾಗೆನಿಸಲಿಲ್ಲ. ರುಚಿ ಪೂರ್ಣವಾಗಿತ್ತು, ಆದರೆ ನಾಲಿಗೆಯ ಮೇಲೆ ಏನೂ ಉಳಿಯಲಿಲ್ಲ. ಇದು ಹೇಗೆ ಸಾಧ್ಯವೆಂಬ ಪ್ರಶ್ನೆಯೇ ಇಂದಿನ ಈ ಮಾತುಗಳಿಗೆ ಕಾರಣ.

ಆಕೆ ಬಳಸಿದ ಪಾತ್ರೆಯ ಹೆಸರು ಕೆಮೆಕ್ಸ್. ಮರಳುಗಡಿಯಾರದ ಆಕಾರದ ಒಂದೇ ಗಾಜಿನ ಹೂಜಿ. ಸೊಂಟದಲ್ಲಿ ಕೈಸುಡದಂತೆ ಮರದ ಪಟ್ಟಿ, ಅದನ್ನು ಬಿಗಿದ ಚರ್ಮದ ದಾರ. ಜರ್ಮನಿಯಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದು ನೆಲೆಸಿದ ಪೀಟರ್ ಷ್ಲುಂಬೋಮ್ ಎಂಬ ರಸಾಯನಶಾಸ್ತ್ರಜ್ಞನ ಸೃಷ್ಟಿ ಇದು, 1941ರ ಕಾಲದ್ದು. ಆತ ಮಾಡಿದ್ದಿಷ್ಟೆ: ಪ್ರಯೋಗಶಾಲೆಯ ಆಲಿಕೆಯನ್ನೂ ಶಂಕುವಿನಾಕಾರದ ಕುಪ್ಪಿಯನ್ನೂ ಒಂದಕ್ಕೊಂದು ಬೆಸೆದು ಅಡಿಗೆಮನೆಗೆ ತಂದ. ಕಾಲೇಜಿನಲ್ಲಿ ವಿಜ್ಞಾನ ಓದಿದವರಿಗೆ ಸೋಸುವ ಕಾಗದವನ್ನು ನಾಲ್ಕಾಗಿ ಮಡಿಸಿ ಆಲಿಕೆಯಲ್ಲಿಡುವುದು ನೆನಪಿರಬಹುದು. ಇಲ್ಲಿಯೂ ಅದೇ ಕ್ರಮ. ಮಡಿಸಿದ ಕಾಗದವನ್ನು ಬಿಡಿಸಿದಾಗ ಒಂದು ಬದಿಯಲ್ಲಿ ಮೂರು ಪದರ, ಇನ್ನೊಂದು ಬದಿಯಲ್ಲಿ ಒಂದೇ ಪದರ. ಇತರ ಕಾಫಿ ಸೋಸುವ ಕಾಗದಗಳಿಗಿಂತ ಈ ಕಾಗದ ಎದ್ದು ಕಾಣುವಷ್ಟು ದಪ್ಪ. ಹೂಜಿಯ ಅಂದವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಕೆಲಸ ಮಾಡುವುದು ಕಾಗದ.

ಕಾಫಿಬೀಜದಲ್ಲಿ ಎಣ್ಣೆಯ ಅಂಶವಿದೆ. ಬಿಸಿನೀರು ಹೊಯ್ದಾಗ ಆ ಎಣ್ಣೆ ಸೂಕ್ಷ್ಮವಾದ ಹನಿಗಳಾಗಿ ಹೊರಬರುತ್ತದೆ. ಜತೆಗೆ, ಎಷ್ಟೇ ಎಚ್ಚರದಿಂದ ಬೀಸಿದರೂ ಪುಡಿಯಲ್ಲಿ ಹಿಟ್ಟಿನಂತಹ ಅತಿಸಣ್ಣ ಕಣಗಳು ಇದ್ದೇ ಇರುತ್ತವೆ. ಲೋಹದ ಫಿಲ್ಟರಿನ ರಂಧ್ರಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು; ಇವೆರಡೂ ಅವುಗಳ ಮೂಲಕ ಇಳಿದುಬರುತ್ತವೆ. ನಾವು ಕಾಫಿ 'ಗಟ್ಟಿ'ಯಾಗಿದೆ ಎನ್ನುವಾಗ ಆ ಗಟ್ಟಿತನದಲ್ಲಿ ಒಂದು ಪಾಲು ಈ ಎಣ್ಣೆ ಮತ್ತು ಗಸಿಯದು. ಲೋಟಕ್ಕೆ ಬಂದ ಮೇಲೂ ಗಸಿ ಸುಮ್ಮನಿರುವುದಿಲ್ಲ. ಬಿಸಿಯಲ್ಲಿ ತನ್ನ ಕಹಿಯನ್ನು ಬಿಡುತ್ತಲೇ ಇರುತ್ತದೆ. ಎಣ್ಣೆ ನಾಲಿಗೆಯ ಮೇಲೆ ತೆಳುವಾಗಿ ಹರಡಿ, ಹುಳಿ ಮತ್ತು ಪರಿಮಳದ ನವುರಾದ ಭೇದಗಳನ್ನು ಮುಚ್ಚುತ್ತದೆ. ದಪ್ಪ ಕಾಗದದ ನಾರುಗಳ ಜಾಲ ಇವೆರಡನ್ನೂ ಬಹುಮಟ್ಟಿಗೆ ಹಿಡಿದಿಡುತ್ತದೆ. ನೀರಿನಲ್ಲಿ ಕರಗಿದ್ದು ಮಾತ್ರ ಕೆಳಗಿಳಿಯುತ್ತದೆ: ಹುಳಿ, ಸಿಹಿ, ಕಹಿಯ ಒಂದಂಶ, ಮತ್ತು ಕೆಫೀನು. ಆದ್ದರಿಂದ ಇದು ಹಗುರವೇ ಹೊರತು ಸಪ್ಪೆಯಲ್ಲ. ತಿಳಿಯಾಗಿದೆಯೆಂದು ರಾತ್ರಿ ಎರಡು ಲೋಟ ಕುಡಿದರೆ ನಿದ್ದೆ ಕೆಡುವುದು ಕೆಡುತ್ತದೆ.

ಇನ್ನೊಂದು ಸಂಗತಿಯೂ ಉಂಟು. ನಾರ್ವೆಯ ಟ್ರೋಮ್ಸೋ ಎಂಬ ಊರಿನಲ್ಲಿ ನಡೆದು 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಕಾಫಿ ಕುಡಿಯುವವರ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದು ಕಂಡುಬಂತು. ಅಲ್ಲಿ ಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸದೆ ಕುಡಿಯುವ ಪದ್ಧತಿಯಿತ್ತು. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು ಇದಕ್ಕೆ ಮುಖ್ಯ ಕಾರಣವೆಂದು ಅನಂತರ ತಿಳಿಯಿತು. ಕಾಗದ ತಡೆಯುವ ವಸ್ತುಗಳಲ್ಲಿ ಇದೂ ಒಂದು.

ಇಷ್ಟು ತಿಳಿದ ಮೇಲೆ ನಾನೇ ಮಾಡಹೊರಟೆ. ಮೈಸೂರಿನಿಂದ ಒಯ್ದಿದ್ದ, ಚಿಕೋರಿ ಬೆರೆಸಿದ ನುಣುಪು ಪುಡಿಯನ್ನು ಕಾಗದದಲ್ಲಿ ಹಾಕಿ ನೀರು ಹೊಯ್ದೆ. ಮೊದಲು ಸ್ವಲ್ಪ ಇಳಿಯಿತು; ಆಮೇಲೆ ನಿಂತೇಹೋಯಿತು. ಹನ್ನೆರಡು ನಿಮಿಷವಾದರೂ ಮೇಲೆ ಕೆಸರಿನ ಮಡುವಿನಂತೆ ನೀರು ನಿಂತಿತ್ತು. ಕೊನೆಗೆ ಇಳಿದದ್ದು ಬಾಯಿ ಒಗರಾಗುವಷ್ಟು ಕಹಿ. ಮಗಳು ನಕ್ಕು, "ಅಪ್ಪಾ, ಇದಕ್ಕೆ ಚಿರೋಟಿ ರವೆ ಆಗೋದಿಲ್ಲ, ಇಡ್ಲಿ ರವೆ ಬೇಕು" ಎಂದಳು. ಇದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಾಗದು. ಕಾಗದ ದಪ್ಪವಾದಷ್ಟೂ ನೀರಿನ ಓಟ ನಿಧಾನ. ನುಣ್ಣನೆಯ ಪುಡಿ ಕಾಗದದ ರಂಧ್ರಗಳನ್ನು ಮೆತ್ತಿ ಅದನ್ನು ಇನ್ನೂ ನಿಧಾನಗೊಳಿಸುತ್ತದೆ. ನೀರು ನಿಂತಷ್ಟು ಹೊತ್ತೂ ಪುಡಿಯಿಂದ ಬೇಡದ್ದೆಲ್ಲ ಕರಗಿ ಬರುತ್ತದೆ. ಆದ್ದರಿಂದ ಪುಡಿ ತರಿತರಿಯಾಗಿರಬೇಕು, ಚಿಕೋರಿ ಇರಬಾರದು.

ಆಕೆ ಮಾಡಿ ತೋರಿಸಿದ ಕ್ರಮ ಹೀಗಿತ್ತು. ಮೊದಲು ಕಾಗದವನ್ನು ಹೂಜಿಯಲ್ಲಿಟ್ಟು ಬಿಸಿನೀರಿನಿಂದ ತೋಯಿಸಿ, ಆ ನೀರನ್ನು ಚೆಲ್ಲಿದಳು. ಹಾಗೆ ಮಾಡದಿದ್ದರೆ ಕಾಗದದ ವಾಸನೆ ಕಾಫಿಗೆ ಹತ್ತುತ್ತದೆ. ಆಮೇಲೆ 30 ಗ್ರಾಂ ತರಿಪುಡಿ. ಕುದಿದ ನೀರನ್ನು ಅರ್ಧ ನಿಮಿಷ ಆರಲು ಬಿಟ್ಟು, ಪುಡಿ ನೆನೆಯುವಷ್ಟು, ಎಂದರೆ ಸುಮಾರು 60 ಮಿಲಿಲೀಟರು, ಹೊಯ್ದು ಮುಕ್ಕಾಲು ನಿಮಿಷ ಕಾದಳು. ಹೊಸದಾಗಿ ಹುರಿದ ಪುಡಿಯಾದರೆ ಒಳಗಿನ ಅನಿಲ ಹೊರಟು ಅದು ಹಿಟ್ಟಿನಂತೆ ಉಬ್ಬುತ್ತದೆ; ಆ ಅನಿಲ ಹೋಗದೆ ನೀರು ಸರಿಯಾಗಿ ಒಳಹೊಗುವುದಿಲ್ಲ. ಅನಂತರ ಸಣ್ಣ ಧಾರೆಯಲ್ಲಿ, ನಡುವಿನಿಂದ ಹೊರಕ್ಕೆ ಸುತ್ತುತ್ತ, ಮೂರು ನಾಲ್ಕು ಸಲ ಬಿಟ್ಟುಬಿಟ್ಟು ಒಟ್ಟು 500 ಮಿಲಿಲೀಟರು ತುಂಬಿಸಿದಳು. ಐದು ನಿಮಿಷದೊಳಗೆ ಎಲ್ಲವೂ ಇಳಿಯಿತು. ಚರಟ ಕುಡಿದುಕೊಂಡ ನೀರು ಕಳೆದು ಹೂಜಿಯಲ್ಲಿ 440ರಷ್ಟು ದೊರೆಯಿತು. ಮೂರು ನಿಮಿಷದಲ್ಲೇ ಇಳಿದು ರುಚಿ ಬರಿಯ ಹುಳಿಯಾದರೆ ಪುಡಿ ಅತಿ ತರಿ. ಆರು ನಿಮಿಷ ಮೀರಿ ನಾಲಿಗೆ ಒಣಗಿಸಿದರೆ ಅತಿ ನುಣುಪು. ಅಳತೆ ತಿದ್ದುವ ಮೊದಲು ಗಡಿಯಾರ ನೋಡಬೇಕು.

ಆದರೆ ಪುಡಿ ಸರಿಯಿದ್ದರೂ ಒಮ್ಮೊಮ್ಮೆ ಧಾರೆ ನಿಲ್ಲುತ್ತದೆ. ಇದರ ಕಾರಣ ತಿಳಿದಾಗ ಷ್ಲುಂಬೋಮನ ಜಾಣ್ಮೆಗೆ ನಾನು ತಲೆದೂಗಿದೆ. ತೊಯ್ದ ಕಾಗದ ನುಣುಪಾದ ಗಾಜಿಗೆ ಸುತ್ತಲೂ ಅಂಟಿಕೊಳ್ಳುತ್ತದೆ. ಕೆಳಗೆ ಕಾಫಿ ಬೀಳುತ್ತಿದ್ದಂತೆ ಅಲ್ಲಿದ್ದ ಗಾಳಿ ಹೊರಹೋಗಬೇಕಷ್ಟೆ, ದಾರಿಯೆಲ್ಲಿ? ಹೂಜಿಯ ಕೊಕ್ಕಿನಿಂದ ಒಳಗೆ ಇಳಿದ ಕಾಲುವೆಯೇ ಆ ದಾರಿ. ಕಾಫಿ ಸುರಿಯಲು ಮಾಡಿದ್ದೆಂದು ನಾವು ತಿಳಿಯುವ ಕೊಕ್ಕು, ಸೋಸುವಾಗ ಗಾಳಿಯ ಕಿಂಡಿ. ಕಾಗದದ ಒಂಟಿ ಪದರವನ್ನು ಆ ಕಡೆಗಿಟ್ಟರೆ ನೀರಿನ ಭಾರಕ್ಕೆ ಅದು ಕಾಲುವೆಯೊಳಕ್ಕೆ ಜಗ್ಗಿ ಕಿಂಡಿಯನ್ನು ಮುಚ್ಚುತ್ತದೆ. ಅದಕ್ಕೆಂದೇ ಮೂರು ಪದರದ ಬದಿ ಕೊಕ್ಕಿನ ಕಡೆಗಿರಬೇಕು. ನಿಂತ ಧಾರೆಗೆ ಇದೇ ಕಾರಣವೋ ಎಂದು ತಿಳಿಯಲು ಕೊಕ್ಕಿನ ಬಳಿ ಕಾಗದವನ್ನು ಬೆರಳಿನಿಂದ ತುಸು ಸಡಿಲಿಸಿದರೆ ಸಾಕು. ನಿಟ್ಟುಸಿರಿನಂತೆ ಗಾಳಿ ಹೊರಟು ಧಾರೆ ಮತ್ತೆ ಮೊದಲಾಗುತ್ತದೆ.

ಹಿಂತಿರುಗುವಾಗ ಮಗಳು ನನಗೂ ಒಂದು ಹೂಜಿ ಕೊಟ್ಟಳು. ಮೈಸೂರಿನಲ್ಲಿ ಒಂದು ಸಣ್ಣ ವ್ಯತ್ಯಾಸ ಮಾಡಿಕೊಂಡಿದ್ದೇನೆ. ನಮ್ಮ ಊರು ಸಮುದ್ರಮಟ್ಟದಿಂದ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆರಲು ಬಿಡದೆ ಕುದಿಯುತ್ತಿದ್ದಂತೆಯೇ ಹೊಯ್ಯುತ್ತೇನೆ. ಅಂಗಡಿಯವನಿಗೆ 'ಚಿಕೋರಿ ಬೇಡ, ತರಿಯಾಗಿ ಬೀಸು' ಎಂದಾಗ ಆತ ನನ್ನನ್ನು ಅನುಮಾನದಿಂದ ನೋಡಿದ. ಮೊದಮೊದಲು ಅಭ್ಯಾಸಬಲದಿಂದ ಇದಕ್ಕೂ ಹಾಲು ಬೆರೆಸಿದೆ. ಕಾಗದ ಅಷ್ಟು ಶ್ರಮಪಟ್ಟು ತೆಗೆದ ಜಿಡ್ಡನ್ನು ಹಾಲಿನ ಕೆನೆ ಮತ್ತೆ ತಂದು ಸೇರಿಸಿತು; ತಿಳಿಯೂ ಉಳಿಯಲಿಲ್ಲ, ನಮ್ಮ ಕಾಫಿಯ ಗಟ್ಟಿತನವೂ ಬರಲಿಲ್ಲ. ಈಗ ಬೆಳಗಿನ ಹೊತ್ತು ಹೂಜಿಯ ಕಾಫಿ, ಹಾಲಿಲ್ಲದೆ. ಸಂಜೆ ಹಾಲಿನ ಕಾಫಿಗೆ ಹಿತ್ತಾಳೆಯ ಫಿಲ್ಟರು, ಅದರ ನುಣುಪು ಪುಡಿ.