ಪ್ರಾರ್ಥನೆ ಕೆಡಿಸದೆ ನೋಡುವುದು

ಮಂಗಳೂರಿನ ಕಥೋಲಿಕ ಚರ್ಚೊಂದರ ಭಾನುವಾರದ ಬಲಿಪೂಜೆಯನ್ನು ಸಂಶೋಧನೆಗಾಗಿ ನೋಡಬೇಕೆನ್ನಿ. ನೈತಿಕತಾ ಸಮಿತಿಗೆ ಬರೆಯುವ ಅರ್ಜಿಯಲ್ಲಿ ಕಷ್ಟದ ಪ್ರಶ್ನೆ ಒಪ್ಪಿಗೆಯದು. ‘ಎಲ್ಲರಿಗೂ ತೆರೆದ ಜಾಗ, ಒಪ್ಪಿಗೆ ಬೇಕಿಲ್ಲ’ ಎಂದು ಬರೆದರೆ ಅರ್ಜಿ ಮರಳಿ ಬರಬಹುದು. ಬಾಗಿಲಲ್ಲಿ ನಿಂತು ಎಲ್ಲರ ಸಹಿ ಕೇಳಿದರೆ ಪೂಜೆಯೇ ಕೆಡುತ್ತದೆ. ಹಾಗಾಗಿ ಧರ್ಮಗುರುಗಳ ಲಿಖಿತ ಅನುಮತಿ ಪಡೆದು, ಹಿಂದಿನ ಭಾನುವಾರವೇ ಪ್ರಕಟಣೆ ಮಾಡಿಸಿ, ಆಕ್ಷೇಪ ತಿಳಿಸಲು ಫೋನ್ ನಂಬರು ಕೊಡುವುದು ಮೇಲು. ಸಹಿ ಸಂದರ್ಶನಕ್ಕೆ ಮಾತ್ರ ಸಾಕು.

ನಿಮ್ಮ ನಡವಳಿಕೆಯನ್ನೂ ಬರೆಯಿರಿ: ಹಿಂದಿನ ಬೆಂಚು, ರೆಕಾರ್ಡಿಂಗ್ ಇಲ್ಲ, ಟಿಪ್ಪಣಿ ಹೊರಬಂದ ಮೇಲೆ. ಕಥೋಲಿಕರಲ್ಲದಿದ್ದರೆ ಪರಮಪ್ರಸಾದದ ಸಾಲಿಗೆ ಹೋಗಬೇಡಿ. ಯಾರಾದರೂ ಅತ್ತರೆ ಗುರುತು ಸಿಗುವ ವಿವರ ದಾಖಲಿಸುವುದಿಲ್ಲವೆಂದು ಸೇರಿಸಿ. ಪಾಪನಿವೇದನೆಯ ಹತ್ತಿರವಂತೂ ಸುಳಿಯಲೇಬೇಡಿ.