95 ಡಿಗ್ರಿಯಲ್ಲಿ ಬೇರಾಗುವ ಎಳೆಗಳು

ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಡಿಎನ್‌ಎಯನ್ನು ಮತ್ತೆ ಮತ್ತೆ ಸುಮಾರು 95 ಡಿಗ್ರಿಗೆ ಕಾಯಿಸಿ ತಣಿಸುತ್ತಾರೆ. ಕಾದಾಗ ಡಿಎನ್‌ಎಯ ಜೋಡಿ ಎಳೆಗಳು ಸೆಕೆಂಡುಗಳಲ್ಲೇ ಬೇರಾಗುತ್ತವೆ. ಆದರೆ ಯಾವ ಎಳೆಯೂ ತುಂಡಾಗುವುದಿಲ್ಲ. ಎಳೆಯ ಉದ್ದಕ್ಕೂ ಇರುವ ಬಂಧವೇ ಬೇರೆ, ಎರಡೆಳೆಗಳ ನಡುವಿನ ಹಿಡಿತವೇ ಬೇರೆ.

ಎಳೆಯೊಳಗಿನದು ಕೋವೇಲೆಂಟ್ ಬಂಧ. ಅಂಥದ್ದನ್ನು ಮುರಿಯಲು ಮೋಲ್‌ಗೆ ಸುಮಾರು 350 ಕಿಲೋಜೌಲ್ ಶಕ್ತಿ ಬೇಕು. ನೀರಿನ ಅಣುಗಳು ಒಂದನ್ನೊಂದು ಹಿಡಿಯುವ ಹೈಡ್ರೋಜನ್ ಬಂಧಕ್ಕೆ 20ರ ಆಸುಪಾಸು ಸಾಕು. ಅಣುಗಳು ತೀರಾ ಹತ್ತಿರ ಬಂದಾಗ ಹುಟ್ಟುವ ವಾನ್ ಡರ್ ವಾಲ್ಸ್ ಸೆಳೆತಕ್ಕೆ ಒಂದರಿಂದ ನಾಲ್ಕು. ಕೋಣೆಯ ಬಿಸಿಯಲ್ಲಿ ಅಣುಗಳ ಸಹಜ ಓಡಾಟದ ಶಕ್ತಿಯೇ 2.5ರಷ್ಟಿದೆ. ಹಾಗಾಗಿ ಈ ಕೊನೆಯ ಸೆಳೆತ ಒಂಟಿಯಾಗಿದ್ದರೆ ನಿಲ್ಲದು, ನೂರಾರು ಕೂಡಿದರೆ ನಿಲ್ಲುತ್ತದೆ.

ಎ ಮತ್ತು ಟಿ ಅಕ್ಷರಗಳ ನಡುವೆ ಎರಡು ಹೈಡ್ರೋಜನ್ ಬಂಧ, ಜಿ ಮತ್ತು ಸಿ ನಡುವೆ ಮೂರು ಎಂದು ಶಾಲೆಯಲ್ಲಿ ಓದಿದ್ದೇವೆ. ಎಳೆಗಳನ್ನು ಹಿಡಿದಿಟ್ಟಿರುವುದೇ ಅವು ಎಂದುಕೊಳ್ಳುವುದು ಸಹಜ. ಆದರೆ ಸುತ್ತ ನೀರಿದೆಯಲ್ಲ! ಎಳೆಗಳು ಬೇರಾದರೆ ಆ ಅಕ್ಷರಗಳು ಅಂಥದೇ ಬಂಧವನ್ನು ನೀರಿನೊಂದಿಗೆ ಬೆಸೆದುಕೊಳ್ಳುತ್ತವೆ. ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಯಾವ ಅಕ್ಷರಕ್ಕೆ ಯಾವುದು ಜೊತೆ ಎಂಬುದನ್ನು ಹೈಡ್ರೋಜನ್ ಬಂಧ ಗೊತ್ತುಮಾಡುತ್ತದೆ. ಗಟ್ಟಿತನ ಹೆಚ್ಚಾಗಿ ಬರುವುದು ಪೇರಿಸಿಟ್ಟ ನಾಣ್ಯಗಳಂತೆ ಒಂದರ ಮೇಲೊಂದು ಕೂರುವ ಚಪ್ಪಟೆ ಅಕ್ಷರಗಳ ನಡುವಿನ ಸೆಳೆತದಿಂದ. ಆ ಚಪ್ಪಟೆ ಮೈ ನೀರಿಗೆ ಅಷ್ಟಾಗಿ ಒಗ್ಗದು, ಒಳಗೆ ಅಡಗಿದರೇ ಅನುಕೂಲ.

ಇನ್ನೊಂದು ಬಲ ಇದಕ್ಕೆ ಎದುರಾಗಿ ದುಡಿಯುತ್ತದೆ. ಎರಡೆಳೆಗಳ ಹೊರಮೈಯಲ್ಲೂ ಋಣ ಆವೇಶದ ಫಾಸ್ಫೇಟ್‌ಗಳಿವೆ, ಅವು ಒಂದನ್ನೊಂದು ದೂಡುತ್ತವೆ. ಆವೇಶಗಳ ನಡುವಿನ ಬಲವನ್ನು ನೀರು ಸುಮಾರು 80 ಪಟ್ಟು ಕುಗ್ಗಿಸಬಲ್ಲದು. ಉಳಿದ ದೂಡುವಿಕೆಯನ್ನು ದ್ರಾವಣದ ಉಪ್ಪಿನ ಧನ ಅಯಾನುಗಳು ಮರೆಮಾಡುತ್ತವೆ. ಉಪ್ಪು ಕಡಿಮೆಯಾದರೆ ಅದೇ ಡಿಎನ್‌ಎ ಇನ್ನೂ ಕಡಿಮೆ ಬಿಸಿಗೇ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡದ್ದು ಕಣ್ಣಿಗೆ ಕಾಣದಿದ್ದರೂ ಉಪಕರಣಕ್ಕೆ ಗೊತ್ತಾಗುತ್ತದೆ: ಪೇರಿಕೆ ಕಳಚಿದ ಡಿಎನ್‌ಎ 260 ನ್ಯಾನೋಮೀಟರ್‌ನ ಅತಿನೇರಳೆ ಬೆಳಕನ್ನು ಮೊದಲಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು ಹೀರುತ್ತದೆ.

ಪ್ರಯೋಗಾಲಯದಲ್ಲಿ ಈ ಬಲಗಳನ್ನು ಅಂದಾಜು ಮಾಡಲು ಒಂದು ಸರಳ ಸೂತ್ರವಿದೆ. ಪಿಸಿಆರ್‌ನಲ್ಲಿ ಬೇಕಾದ ಜಾಗಕ್ಕೆ ಹೋಗಿ ಅಂಟುವ ಪ್ರೈಮರ್ ಎಂಬ ಚಿಕ್ಕ ಎಳೆಯಲ್ಲಿ 18 ಅಕ್ಷರಗಳಿವೆ ಎನ್ನೋಣ. ಪ್ರತಿ ಎ ಅಥವಾ ಟಿಗೆ 2 ಡಿಗ್ರಿ, ಪ್ರತಿ ಜಿ ಅಥವಾ ಸಿಗೆ 4 ಡಿಗ್ರಿ ಹಿಡಿಯಬೇಕು. ಎರಡೂ ಬಗೆ ಒಂಬತ್ತೊಂಬತ್ತು ಇದ್ದರೆ 18 ಮತ್ತು 36 ಸೇರಿ 54 ಡಿಗ್ರಿ. ಆ ಬಿಸಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರೈಮರ್‌ಗಳು ಕಳಚಿರುತ್ತವೆ. ಆದ್ದರಿಂದ ಅಂಟಿಸುವ ಹಂತವನ್ನು ಅದಕ್ಕಿಂತ ನಾಲ್ಕೈದು ಡಿಗ್ರಿ ಕೆಳಗೆ ಶುರುಮಾಡುತ್ತಾರೆ. ಬಿಸಿ ಜಾಸ್ತಿಯಾದರೆ ಪ್ರೈಮರ್ ನಿಲ್ಲುವುದೇ ಇಲ್ಲ, ಜೆಲ್‌ನಲ್ಲಿ ಪಟ್ಟಿ ಮೂಡುವುದಿಲ್ಲ. ತೀರಾ ಕಡಿಮೆಯಾದರೆ ಒಂದೆರಡು ಅಕ್ಷರ ತಪ್ಪಿದ ಜಾಗಕ್ಕೂ ಅಂಟಿಕೊಂಡು, ಒಂದರ ಬದಲು ಹಲವು ಪಟ್ಟಿಗಳು ಕಾಣುತ್ತವೆ. ಆಗ ಎರಡು ಡಿಗ್ರಿಯಂತೆ ಏರಿಸುತ್ತಾ ಹೋದರೆ ತಪ್ಪು ಜೋಡಿಗಳು ಮೊದಲು ಕಳಚುತ್ತವೆ.